ಅಪ್ಪನ ಆಪರೇಷನ್‌ಗೆ ಮುಂಚೆ, ದೂರದಿಂದ ಒಂದು ಪ್ರಾರ್ಥನೆ ಬರೆಯುವುದು ಹೇಗೆ

ಊರಲ್ಲಿ ಅಪ್ಪನಿಗೋ ಅಮ್ಮನಿಗೋ ಆಪರೇಷನ್ ಗೊತ್ತಾಗಿದೆ, ನೀವು ಯಾವುದೋ ದೇಶದಲ್ಲಿದ್ದೀರಿ, ಟಿಕೆಟ್ ಸಿಕ್ಕರೂ ಎಲ್ಲ ಮುಗಿದ ಮೇಲೇ ತಲುಪುವುದು. ಫೋನಲ್ಲಿ "ಏನೂ ಆಗಲ್ಲ, ಧೈರ್ಯವಾಗಿರಿ" ಅಂತ ಹೇಳಿಯಾಗಿದೆ. ಆಗ ಸುಮಾರು ಜನಕ್ಕೆ ಒಂದು ಪ್ರಾರ್ಥನೆ ಬರೆದು ಕಳಿಸೋಣ ಅನ್ನಿಸುತ್ತೆ. ಬರೆಯಲು ಕೂತರೆ ಮಾತ್ರ ಎಲ್ಲ ಪ್ರಾರ್ಥನೆಯೂ ಒಂದೇ ಥರ ಬರುತ್ತೆ: ಆರೋಗ್ಯ ಕೊಡು, ಆಯಸ್ಸು ಕೊಡು, ನಮ್ಮನ್ನು ಕಾಪಾಡು.

ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಪ್ರಾರ್ಥನೆಯನ್ನು ದೇವರಿಗಿಂತ ಮೊದಲು ಓದುವವರು ರೋಗಿ. ಅದನ್ನು ಮನಸ್ಸಲ್ಲಿಟ್ಟುಕೊಂಡರೆ ಬರೆಯುವ ರೀತಿಯೇ ಬೇರೆಯಾಗುತ್ತೆ. ಮರುದಿನ ಏನೇನು ಆಗುತ್ತೆ ಅನ್ನುವುದನ್ನು ಆಗುವ ಕ್ರಮದಲ್ಲೇ ಬರೆದು, ಒಂದೊಂದು ಹಂತಕ್ಕೂ ಒಂದೊಂದು ಸಣ್ಣ ಬೇಡಿಕೆ ಇಟ್ಟರೆ, ಅದು ಪ್ರಾರ್ಥನೆಯೂ ಆಗುತ್ತೆ, ರೋಗಿಗೆ ಮುಂದೆ ಏನು ಬರುತ್ತೆ ಅಂತ ಮೆಲ್ಲಗೆ ತಿಳಿಸಿದ ಹಾಗೂ ಆಗುತ್ತೆ. ನಾನು ಸ್ಟುಟ್‌ಗಾರ್ಟ್‌ನಲ್ಲಿದ್ದುಕೊಂಡು ಮೈಸೂರಲ್ಲಿ ಅಪ್ಪನ ಬೈಪಾಸ್‌ಗೆ ಬರೆದದ್ದು ಹೀಗೆ. ಅದನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ. ಮಂಡಿ ಆಪರೇಷನ್ನೋ ಗರ್ಭಕೋಶದ್ದೋ ಆದರೆ ಹಂತಗಳು ಬದಲಾಗುತ್ತವೆ, ದಾರಿ ಇದೇ.

ಬರೆಯುವ ಮುಂಚೆ ಎರಡು ಫೋನ್

ಮೊದಲನೆಯದು ಆಸ್ಪತ್ರೆಗೆ ಓಡಾಡುತ್ತಿರುವವರಿಗೆ. ನಮ್ಮಲ್ಲಿ ಅದು ಅಕ್ಕ. ಎಷ್ಟು ಪರ್ಸೆಂಟ್ ಬ್ಲಾಕು, ಯಾವ ನಾಳ ಅನ್ನುವುದೆಲ್ಲ ಪ್ರಾರ್ಥನೆಗೆ ಬೇಡ. ಬೇಕಾಗಿರುವುದು ದಿನಚರಿ. ರಾತ್ರಿ ಎಷ್ಟು ಹೊತ್ತಿನ ಮೇಲೆ ಊಟ ನೀರು ಬಿಡಬೇಕು, ಬೆಳಿಗ್ಗೆ ಎಷ್ಟಕ್ಕೆ ಒಳಗೆ ಕರೆದುಕೊಳ್ಳುತ್ತಾರೆ, ಒಳಗೆ ಹೋಗುವಾಗ ಮೈಮೇಲಿನದು ಏನೇನು ತೆಗೆಸುತ್ತಾರೆ, ಐಸಿಯುಗೆ ಯಾರನ್ನು ಬಿಡುತ್ತಾರೆ, ಎಚ್ಚರವಾದಾಗ ರೋಗಿಗೆ ಏನೇನು ಹಾಕಿರುತ್ತಾರೆ. ಇದನ್ನು ಅಂದಾಜಿನ ಮೇಲೆ ಬರೆಯಬೇಡಿ, ಒಂದೊಂದು ಆಸ್ಪತ್ರೆಯದು ಒಂದೊಂದು ಪದ್ಧತಿ. ಅಕ್ಕ ಡ್ಯೂಟಿ ನರ್ಸ್ ಹತ್ತಿರ ಕೇಳಿ ಒಂದು ಚೀಟಿಯಲ್ಲಿ ಬರೆದು ಫೋಟೋ ಕಳಿಸಿದ್ದಳು.

ಎರಡನೆಯದು ಅಪ್ಪನಿಗೇ. "ಏನಾದ್ರೂ ಭಯ ಇದ್ಯಾ?" ಅಂತ ನೇರವಾಗಿ ಕೇಳಿದರೆ ನಮ್ಮ ಅಪ್ಪಂದಿರು ಯಾರೂ ಹೇಳಲ್ಲ. "ರಾತ್ರಿ ನಿದ್ದೆ ಹೇಗೆ ಬರ್ತಿದೆ?" ಅಂತ ಕೇಳಿ, ಸುಮ್ನೆ ಕಾಯಿರಿ. ನಮ್ಮಪ್ಪ ಪಕ್ಕದ ಮಂಚದವರ ಸುದ್ದಿ ಹೇಳಿದರು, ಆಸ್ಪತ್ರೆಯ ಉಪ್ಪಿಟ್ಟನ್ನು ಬೈದರು, ಆಮೇಲೆ ಮೆಲ್ಲಗೆ ವಿಷಯ ಬಂತು. ಅದೇ ಆಪರೇಷನ್ ಆದ ಅವರ ಹಳೆ ಸಹೋದ್ಯೋಗಿಯೊಬ್ಬರು "ಎಚ್ಚರವಾದ ಮೇಲೆ ನಂಗೆ ಮಾತೇ ಬರ್ಲಿಲ್ಲ ಕಣಯ್ಯಾ" ಅಂದಿದ್ದರಂತೆ. ಅಪ್ಪನಿಗೆ ಎದೆ ಕೊಯ್ಯುವುದಕ್ಕಿಂತ ಅದೇ ಜಾಸ್ತಿ ಹೆದರಿಕೆ. ಜೊತೆಗೆ ಇನ್ನೊಂದು ಚಿಂತೆ: ನವೆಂಬರ್ ತಿಂಗಳು, ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಬೇಕು, ಬ್ಯಾಂಕಿಗೆ ಯಾರು ಹೋಗುವುದು?

ಇಲ್ಲಿ ಒಂದು ಕೆಲಸ ಮಾಡಿ. ಸಿಕ್ಕ ಚಿಂತೆಗಳನ್ನು ಎರಡು ಪಾಲು ಮಾಡಿ. ಮನುಷ್ಯರು ಮಾಡಿ ಮುಗಿಸಬಹುದಾದದ್ದನ್ನು ಮಾಡಿ ಮುಗಿಸಿ, ಅದನ್ನು ದೇವರ ತಲೆಗೆ ಕಟ್ಟಬೇಡಿ. ಪಿಂಚಣಿ ಪ್ರಮಾಣಪತ್ರವನ್ನು ಈಗ ಮೊಬೈಲಿಗೆ ಮುಖ ತೋರಿಸಿಯೇ ಕೊಡಬಹುದು, ಅಕ್ಕ ವಾರ್ಡಿನಲ್ಲೇ ಕೂತು ಮುಗಿಸಿದಳು. ಎಚ್ಚರವಾದಾಗ ಮಾತು ಬರದ ಹಾಗೆ ಮಾಡುವ ಗಂಟಲಿನ ಉಸಿರಿನ ನಳಿಗೆ ಯಾರೂ ತಪ್ಪಿಸಲಾಗದ್ದು. ಅದು ಪ್ರಾರ್ಥನೆಗೆ.

ಯಾವ ದೇವರು

ಅವರ ದೇವರು, ನಿಮ್ಮದಲ್ಲ. ನೀವು ವಿದೇಶಕ್ಕೆ ಹೋದ ಮೇಲೆ ಯಾವ ಸತ್ಸಂಗ ಸೇರಿದ್ದೀರಿ, ಯಾವ ಸ್ತೋತ್ರ ಹೇಳುತ್ತೀರಿ ಅನ್ನುವುದು ಈಗ ಮುಖ್ಯವಲ್ಲ. ಕಾಲು ಎಡವಿದರೆ ಅವರ ಬಾಯಲ್ಲಿ ಯಾವ ಹೆಸರು ಬರುತ್ತೋ ಆ ಹೆಸರು. ಗುರುವಾರ ತಪ್ಪಿಸದವರಿಗೆ ರಾಯರು, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ ಹೋಗುವವರಿಗೆ ಮಂಜುನಾಥ, ಕೆಲವರಿಗೆ ಮನೆದೇವರಷ್ಟೇ. ಯೇಸುವಿಗೋ ಅಲ್ಲಾಹನಿಗೋ ಮೊರೆಯಿಡುವ ಮನೆಯಾದರೂ ಇದೇ ಲೆಕ್ಕ. ದೇವರನ್ನೇ ಒಪ್ಪದ ಅಪ್ಪನಿಗೆ ದೇವರ ಹೆಸರು ಹಾಕಿ ಕಳಿಸಿದರೆ ಅದು ಅವರಿಗೆ ಕಿರಿಕಿರಿ. ಅವರಿಗೆ "ಹೀಗಾಗಲಿ, ಹಾಗಾಗಲಿ" ಅಂತ ಬರೀ ಹಾರೈಕೆಯಾಗಿ ಬರೆಯಿರಿ, ಉಳಿದದ್ದೆಲ್ಲ ಒಂದೇ.

ನಮ್ಮಪ್ಪನಿಗೆ ನಂಜನಗೂಡಿನ ನಂಜುಂಡ. ಮೈಸೂರು ಕಡೆಯವರಿಗೆ ಹೇಳಬೇಕಾಗಿಲ್ಲ, ಕಾಯಿಲೆ ಅಂದರೆ ಮೊದಲು ನೆನಪಾಗುವ ದೇವರು ಅವನೇ. ವಿಷ ಕುಡಿದು ಅರಗಿಸಿಕೊಂಡವನು. ಟಿಪ್ಪು ಸುಲ್ತಾನನ ಆನೆಗೆ ಕಣ್ಣು ಕಾಣದಂತಾಗಿ, ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯಿತು, ಅದಕ್ಕೆ ಸುಲ್ತಾನ 'ಹಕೀಂ ನಂಜುಂಡ', ಅಂದರೆ ವೈದ್ಯ ನಂಜುಂಡ, ಅಂತ ಕರೆದು ಪಚ್ಚೆ ಲಿಂಗ ಕೊಟ್ಟ ಅಂತ ಕಥೆ. ಡಾಕ್ಟರಿಗೆ ಒಪ್ಪಿಸುವಾಗ ಹಕೀಮನನ್ನೇ ಕರೆಯುವುದು ಅಪ್ಪನಿಗೂ ಸರಿಯಾಗಿ ಕೂತಿತು, ಓದುವಾಗ ನಕ್ಕರಂತೆ.

ಶುರು ಮಾಡುವುದು

ಪೂಜೆಗೆ ಕೂತಾಗ ಮಾಡುವ ಸಂಕಲ್ಪ ನೆನಪಿದೆ ಅಲ್ವಾ? ಎಲ್ಲಿ, ಯಾವಾಗ, ಯಾವ ಗೋತ್ರ, ಯಾವ ನಕ್ಷತ್ರ, ಯಾರಿಗಾಗಿ, ಯಾಕೆ ಅನ್ನುವುದನ್ನೆಲ್ಲ ಮೊದಲೇ ಹೇಳಿಬಿಡುತ್ತಾರೆ. ಆ ಕ್ರಮ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತೆ. ಗೋತ್ರ, ನಕ್ಷತ್ರ, ರಾಶಿಯನ್ನು ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವವರಿಗೆ ಬರೆದು ಕೊಡಿ. ಪ್ರಾರ್ಥನೆಯಲ್ಲಿ ಇಷ್ಟು ಸಾಕು: ಯಾರಿಗಾಗಿ ಕೇಳುತ್ತಿದ್ದೀರಿ, ಅವರು ಎಲ್ಲಿದ್ದಾರೆ, ನೀವು ಎಲ್ಲಿದ್ದೀರಿ, ಅವರ ಪಕ್ಕದಲ್ಲಿ ಯಾರಿದ್ದಾರೆ. ಕೊನೆಯದು ಬಿಡಬೇಡಿ. ಮಗ ದೂರದಲ್ಲಿದ್ದಾನೆ ಅಂತ ಓದಿದ ತಕ್ಷಣ ಮಗಳು ಹತ್ತಿರದಲ್ಲಿದ್ದಾಳೆ ಅಂತಲೂ ಓದಬೇಕು.

ನೀವು ಬರಲಾಗದ್ದರ ಬಗ್ಗೆ ಒಂದೇ ಸಾಲು, ಅದೂ ಕೊನೆಯ ಕಡೆಗೆ. ದೂರ ಇರುವವರು ಬರೆದದ್ದು ಸಾಮಾನ್ಯವಾಗಿ ಹಾಳಾಗುವುದು ಇಲ್ಲೇ. ಅರ್ಧ ಪುಟ "ನಿನ್ನ ಸೇವೆ ಮಾಡಲಾಗದ ಪಾಪಿ ನಾನು" ಅಂತ ಹೋಗುತ್ತೆ. ಆಪರೇಷನ್‌ಗೆ ಕಾಯುತ್ತಿರುವ ಮನುಷ್ಯ ಅದನ್ನು ಓದಿ ನಿಮಗೇ ಸಮಾಧಾನ ಹೇಳಲು ಫೋನ್ ಮಾಡಬೇಕಾಗುತ್ತೆ. ಬರೆದಾದ ಮೇಲೆ 'ನಾನು', 'ನನ್ನ' ಎಷ್ಟು ಕಡೆ ಬಂದಿದೆ ನೋಡಿ, ಅಪ್ಪನ ಹೆಸರಿಗಿಂತ ಜಾಸ್ತಿ ಇದ್ದರೆ ಹೊಡೆದು ಹಾಕಿ.

ನಡುವಿನ ಭಾಗ: ದಿನ ನಡೆಯುವ ಹಾಗೇ

ಅಕ್ಕನ ಚೀಟಿ ಮುಂದಿಟ್ಟುಕೊಳ್ಳಿ. ಹಿಂದಿನ ರಾತ್ರಿಯಿಂದ ಶುರು. ಎದೆಯ, ಕಾಲಿನ ಕೂದಲು ತೆಗೆಯುತ್ತಾರೆ, ಔಷಧಿ ಸೋಪಿನಲ್ಲಿ ಸ್ನಾನ ಮಾಡಿಸುತ್ತಾರೆ. ಕಾಲಿನ ಕೂದಲು ಯಾಕೆ ಅಂತ ಎಷ್ಟೋ ರೋಗಿಗಳಿಗೆ ಗೊತ್ತೇ ಇರಲ್ಲ. ಬೈಪಾಸಿಗೆ ಬೇಕಾದ ರಕ್ತನಾಳವನ್ನು ಬಹಳ ಸಲ ಕಾಲಿನಿಂದಲೂ ತೆಗೆಯುತ್ತಾರೆ, ಹಾಗಾಗಿ ಎದ್ದಾಗ ಕಾಲಲ್ಲೂ ಉದ್ದದ ಗಾಯ ಇರುತ್ತೆ. ಕೆಲವರಿಗೆ ಎದೆಗಿಂತ ಕಾಲೇ ಜಾಸ್ತಿ ಕಾಟ ಕೊಡುತ್ತೆ. ಆದ್ದರಿಂದ ಕಾಲಿಗೂ ಒಂದು ಸಾಲು ಇರಲಿ.

ಬೆಳಿಗ್ಗೆ ಕಾಫಿ ಇಲ್ಲ. ನಗು ಬರಬಹುದು, ಆದರೆ ಮೈಸೂರಿನ ಮನುಷ್ಯನಿಗೆ ಅದೂ ಒಂದು ಕಷ್ಟವೇ, ಬರೆಯಿರಿ. ಆಮೇಲೆ ಕನ್ನಡಕ, ಹಲ್ಲಿನ ಸೆಟ್ಟು, ವಾಚು, ಉಂಗುರ ಎಲ್ಲ ತೆಗೆಸುತ್ತಾರೆ. ಜನಿವಾರ, ಇಷ್ಟಲಿಂಗ, ರುದ್ರಾಕ್ಷಿ, ತಾಯತ, ಅಮ್ಮನಾದರೆ ತಾಳಿ, ಬಳೆ: ಇವುಗಳ ಮಾತು ಆಪರೇಷನ್ ಬಾಗಿಲಲ್ಲಿ ಬಂದರೆ ಮನಸ್ಸು ಕದಡುತ್ತೆ. ಮುಂಚಿನ ದಿನವೇ ನರ್ಸ್ ಹತ್ತಿರ ಕೇಳಿ, ಯಾರ ಕೈಗೆ ಕೊಡಬೇಕು ಅಂತ ಗೊತ್ತು ಮಾಡಿ, ಅದನ್ನೇ ಪ್ರಾರ್ಥನೆಯಲ್ಲಿ ಹೇಳಿ.

ಆಪರೇಷನ್ನಿನ ಬಗ್ಗೆ ಸ್ವಲ್ಪವೇ ಸಾಕು. ಬೈಪಾಸಿಗೆ ಸಾಮಾನ್ಯವಾಗಿ ಮೂರರಿಂದ ಆರು ಗಂಟೆ ಹಿಡಿಯುತ್ತೆ, ಆದರೆ ಅಷ್ಟು ಹೊತ್ತೂ ಅವರಿಗೆ ಗೊತ್ತೇ ಇರಲ್ಲ. ಕತ್ತಿ, ರಕ್ತ, ಎದೆ ಸೀಳು ಯಾವುದೂ ಬೇಡ. 'ಕೈಗಳು ಸ್ಥಿರವಾಗಿರಲಿ' ಅಂದರೆ ಆಯಿತು. ಸರ್ಜನ್ ಒಬ್ಬರಿಗೇ ಬೇಡಿ ನಿಲ್ಲಿಸಬೇಡಿ. ಅಷ್ಟು ಹೊತ್ತು ಉಸಿರು, ಬಿಪಿ ನೋಡಿಕೊಳ್ಳುವವರು ಅರಿವಳಿಕೆ ಡಾಕ್ಟರು, ಅವರನ್ನು ಜನ ಮರೆತುಬಿಡುತ್ತಾರೆ. ರಕ್ತ ಕೊಟ್ಟವರೂ ಇದ್ದಾರೆ; ನಮಗೆ ಅಕ್ಕನ ಬೀದಿಯ ಹುಡುಗರು ಹೋಗಿ ಕೊಟ್ಟು ಬಂದರು.

ಹೆಚ್ಚು ಸಾಲು ಖರ್ಚು ಮಾಡಬೇಕಾದದ್ದು ಎಚ್ಚರವಾಗುವ ಹೊತ್ತಿಗೆ. ಕಣ್ಣು ಬಿಟ್ಟಾಗ ಗಂಟಲಲ್ಲಿ ಉಸಿರಿನ ನಳಿಗೆ ಇನ್ನೂ ಇರಬಹುದು, ಅದು ಇರುವವರೆಗೆ ಮಾತು ಬರಲ್ಲ. ತಾವೇ ಚೆನ್ನಾಗಿ ಉಸಿರಾಡುತ್ತಿದ್ದಾರೆ ಅಂತ ಖಾತ್ರಿಯಾದ ಮೇಲೆ ತೆಗೆಯುತ್ತಾರೆ, ಕೆಲವರಿಗೆ ಕೆಲವೇ ಗಂಟೆಯಲ್ಲಿ, ಕೆಲವರಿಗೆ ಮರುದಿನ. ಅದಕ್ಕೇ 'ಸಂಜೆಗೆ ತೆಗೆದುಬಿಡಲಿ' ಅಂತ ಗಡುವು ಹಾಕಬೇಡಿ. ಗಡುವು ಮೀರಿದರೆ ಅವರು ಏನೋ ಕೆಟ್ಟದಾಗಿದೆ ಅಂದುಕೊಳ್ಳುತ್ತಾರೆ. 'ಇದ್ದರೆ ಗಾಬರಿಯಾಗದಿರಲಿ' ಅಂತ ಬರೆಯಿರಿ. ಎದೆಯ ಬಳಿ ಒಂದೆರಡು ನಳಿಗೆ, ಪಕ್ಕದಲ್ಲಿ ಟೀಂ ಟೀಂ ಅನ್ನುವ ಯಂತ್ರ ಇರುತ್ತೆ, ಆ ಸದ್ದು ಇರಬೇಕಾದ್ದೇ ಅಂತಲೂ ಒಂದು ಮಾತು.

ಕೊನೆಗೆ ಉಸಿರಿನ ವ್ಯಾಯಾಮ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರು ಬಣ್ಣದ ಚೆಂಡು, ಒಂದು ಕೊಳವೆ. ಕೊಳವೆಯಲ್ಲಿ ಉಸಿರು ಒಳಗೆ ಎಳೆದುಕೊಂಡರೆ ಚೆಂಡು ಏಳುತ್ತವೆ. ಊದುವುದಲ್ಲ, ಎಳೆಯುವುದು, ನಮ್ಮಪ್ಪ ಮೊದಲು ಊದಿ, "ಕೆಟ್ಟೋಗಿದೆ ಇದು" ಅಂತ ಅಕ್ಕನಿಗೆ ವಾಪಸ್ ಕೊಟ್ಟಿದ್ದರು. ಆಪರೇಷನ್‌ಗೆ ಮುಂಚೆ ಮೂರೂ ಏಳುತ್ತಿದ್ದವು. ಆದ ಮೇಲೆ ಒಂದು ಏಳುವುದೇ ಕಷ್ಟ, ಅದು ಸಹಜ, ಆದರೆ ಗೊತ್ತಿಲ್ಲದಿದ್ದರೆ ಎದೆಗುಂದುತ್ತಾರೆ. ಕೆಮ್ಮುವಾಗ ಎದೆಗೆ ದಿಂಬು ಒತ್ತಿ ಹಿಡಿಯಬೇಕು ಅನ್ನುವುದನ್ನೂ ಸೇರಿಸಿ.

ಹರಕೆ ವಿಷಯ

ಹರಕೆ ಹೊರಬೇಕು ಅನ್ನಿಸಿದರೆ ನಿಮ್ಮ ಮೈಮೇಲೆ ಹೊರಿ. ಅಪ್ಪನ ಹೆಸರಲ್ಲಿ ಉರುಳುಸೇವೆ ಹೊತ್ತುಕೊಳ್ಳುವವರಿದ್ದಾರೆ. ಎದೆಯ ಮೂಳೆ ಕೂಡಿಕೊಳ್ಳಲು ಆರೆಂಟು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಅಲ್ಲಿಯವರೆಗೆ ಭಾರ ಎತ್ತುವ ಹಾಗಿಲ್ಲ, ಕೈ ಊರಿ ಏಳುವ ಹಾಗಿಲ್ಲ. ಹರಕೆ ಬಾಕಿ ಉಳಿಯಿತು ಅಂತ ಅವರು ಕೊರಗುವುದು, ಇಲ್ಲವೇ ಬೇಗ ತೀರಿಸಲು ಹೊರಡುವುದು, ಎರಡೂ ಬೇಡ. 'ನನ್ನ ಆಯಸ್ಸು ಅವರಿಗೆ ಕೊಡು' ಅನ್ನುವುದೂ ಬೇಡ. ಯಾವ ಅಪ್ಪನೂ ಅದನ್ನು ಓದಿ ನಿದ್ದೆ ಮಾಡಲ್ಲ.

ದೇವಸ್ಥಾನದಿಂದ ತಂದ ತೀರ್ಥವನ್ನು ಉಪವಾಸದ ಹೊತ್ತಲ್ಲಿ ಕೇಳದೆ ಕುಡಿಸಬೇಡಿ, ಔಷಧಿ ಸೋಪಿನ ಸ್ನಾನವಾದ ಮೇಲೆ ಎದೆಗೆ ವಿಭೂತಿ ಹಚ್ಚಬೇಡಿ. ಪ್ರಸಾದ ದಿಂಬಿನ ಪಕ್ಕ ಪೊಟ್ಟಣದಲ್ಲಿ ಇರಲಿ.

ರಾಹುಕಾಲದ ಮಾತು ಎತ್ತುವ ಹಿರಿಯರು ಇದ್ದೇ ಇರುತ್ತಾರೆ. ನಮ್ಮದು ಸೋಮವಾರ ಬೆಳಿಗ್ಗೆ ಎಂಟಕ್ಕೆ, ರಾಹುಕಾಲ ಏಳೂವರೆಯಿಂದ ಒಂಬತ್ತು. ಆಪರೇಷನ್ ಪಟ್ಟಿ ನಮ್ಮ ಪಂಚಾಂಗ ನೋಡಿ ಮಾಡುವುದಲ್ಲ. ಆದರೆ ಅಪ್ಪನ ಮನಸ್ಸಲ್ಲಿ ಅದು ಇದೆ ಅಂತ ಗೊತ್ತಾದರೆ ವಾದ ಮಾಡಬೇಡಿ, ಒಂದು ಸಾಲಲ್ಲಿ ಅದನ್ನೂ ದೇವರಿಗೇ ಒಪ್ಪಿಸಿ. ಸೋಮವಾರ ಶಿವನ ವಾರ ಅನ್ನುವುದು ನಮಗೆ ಒದಗಿ ಬಂತು.

ಒಳಗೆ ಒಯ್ಯುವ ಒಂದು ಸಾಲು

ಹಾಳೆ, ಫೋನು, ಕನ್ನಡಕ ಯಾವುದೂ ಒಳಗೆ ಬರಲ್ಲ. ಆದ್ದರಿಂದ ಪ್ರಾರ್ಥನೆಯ ಕೊನೆಯ ಸಾಲು ಬಾಯಿಪಾಠವಾಗುವ ಹಾಗಿರಬೇಕು. ಒಂದೇ ಉಸಿರಲ್ಲಿ ಮುಗಿಯಬೇಕು. ಹಲ್ಲಿನ ಸೆಟ್ಟು ಇಲ್ಲದ ಬಾಯಲ್ಲೂ ಹೇಳಲು ಬರಬೇಕು, ಒತ್ತಕ್ಷರ ಜಾಸ್ತಿ ಇರುವ ಸಂಸ್ಕೃತ ಸಾಲು ಇಲ್ಲಿ ತೊಡರುತ್ತೆ. ನಮ್ಮದು: "ನಂಜುಂಡಾ, ಕೈ ಬಿಡಬೇಡ." ಐಸಿಯುನಲ್ಲಿ ಅಕ್ಕನನ್ನು ಒಂದೆರಡು ನಿಮಿಷ ಬಿಟ್ಟಾಗ ಅವಳು ಕಿವಿಯ ಹತ್ತಿರ ಹೇಳಿದ್ದೂ ಇದನ್ನೇ. ನಳಿಗೆ ಇತ್ತು, ಅಪ್ಪ ಅವಳ ಬೆರಳು ಹಿಡಿದುಕೊಂಡರಂತೆ.

ನಾನು ಕಳಿಸಿದ್ದು ಇಷ್ಟು:

*ನಂಜುಂಡಪ್ಪಾ, ನಮ್ಮ ಹಕೀಮಪ್ಪಾ,*

*ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿರುವ ನಮ್ಮಪ್ಪನ ಸಲುವಾಗಿ ಅವರ ಮಗ ಸ್ಟುಟ್‌ಗಾರ್ಟ್‌ನಿಂದ ಕೇಳುತ್ತಿದ್ದೇನೆ. ಅಕ್ಕ ಅವರ ಪಕ್ಕದಲ್ಲಿದ್ದಾಳೆ. ಅಮ್ಮ ಮನೆಯಲ್ಲಿ ನಿನಗೆ ದೀಪ ಹಚ್ಚಿದ್ದಾಳೆ.*

*ಈ ರಾತ್ರಿ ಅವರಿಗೆ ನಿದ್ದೆ ಕೊಡು. ನಿದ್ದೆ ಬಾರದಿದ್ದರೆ ಸುಮ್ಮನೆ ಮೈ ಚಾಚಿ ಮಲಗುವ ಸಮಾಧಾನ ಕೊಡು. ಬೆಳಿಗ್ಗೆ ಕಾಫಿ ಇಲ್ಲ, ಅದನ್ನು ತಡೆದುಕೊಳ್ಳುವ ಶಕ್ತಿ ಕೊಡು.*

*ಕನ್ನಡಕ, ಹಲ್ಲಿನ ಸೆಟ್ಟು, ರುದ್ರಾಕ್ಷಿ ಅಕ್ಕನ ಕೈಗೆ ಬರುತ್ತವೆ, ಭದ್ರವಾಗಿರಲಿ. ಆ ಹೊತ್ತು ಯಾವ ಕಾಲವೇ ಆಗಿರಲಿ, ಅದು ನಿನ್ನ ವಾರ, ನಿನ್ನ ಕಾಲ.*

*ನಿದ್ದೆ ಬರಿಸುವ ಡಾಕ್ಟರು ಎಚ್ಚರವಾಗಿರಲಿ. ಕೆಲಸ ಮಾಡುವ ಕೈಗಳು ಸ್ಥಿರವಾಗಿರಲಿ. ರಕ್ತ ಕೊಟ್ಟ ಹುಡುಗರು, ವಾರ್ಡಿನ ಆಯಮ್ಮ, ರಾತ್ರಿ ಪಾಳಿಯ ನರ್ಸಮ್ಮ, ಎಲ್ಲರ ಮನೆಯೂ ತಣ್ಣಗಿರಲಿ.*

*ಅಪ್ಪ ಕಣ್ಣು ಬಿಟ್ಟಾಗ ಗಂಟಲಲ್ಲಿ ನಳಿಗೆ ಇದ್ದರೆ ಗಾಬರಿಯಾಗದಿರಲಿ. ಅದು ಇರುವವರೆಗೆ ಮಾತು ಬರುವುದಿಲ್ಲ, ತೆಗೆದ ಮೇಲೆ ಬರುತ್ತದೆ ಎಂದು ನೀನೇ ಅವರಿಗೆ ನೆನಪು ಮಾಡು. ಅವರ ಕೈಸನ್ನೆ ಅಲ್ಲಿರುವವರಿಗೆ ತಿಳಿಯಲಿ. ಯಂತ್ರಗಳ ಸದ್ದು ಅವರನ್ನು ಹೆದರಿಸದಿರಲಿ.*

*ಎದೆಯ ಗಾಯ, ಕಾಲಿನ ಗಾಯ ಎರಡೂ ಮಾಯಲಿ. ಕೆಮ್ಮು ಬಂದಾಗ ದಿಂಬು ಕೈಗೆ ಸಿಗಲಿ. ಡಬ್ಬಿಯಲ್ಲಿ ಮೊದಲ ದಿನ ಒಂದು ಚೆಂಡು ಎದ್ದರೆ ಸಾಕು, ಉಳಿದೆರಡು ನಿಧಾನವಾಗಿ ಏಳಲಿ.*

*ಈ ಹೊತ್ತಿಗೆ ನಾನು ಬರಲಾಗಲಿಲ್ಲ. ಬಂದಾಗ ಕಪಿಲೆಯಲ್ಲಿ ಮಿಂದು ನಿನ್ನ ಬಾಗಿಲಿಗೆ ಬರುತ್ತೇನೆ. ಅದು ನನ್ನ ಹರಕೆ, ನನ್ನದು ಮಾತ್ರ.*

*ನಂಜುಂಡಾ, ಕೈ ಬಿಡಬೇಡ.*

ಕಳಿಸುವುದು, ಓದಿಸುವುದು

ಒಂದು ಸಲ ಗಟ್ಟಿಯಾಗಿ ಓದಿ ನೋಡಿ. ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು, ಅದಕ್ಕಿಂತ ಉದ್ದವಾದರೆ ಕೇಳುವವರಿಗೆ ದಣಿವು. ಅಕ್ಕನೋ ತಮ್ಮನೋ ಮೊದಲು ಓದಲಿ. ವೈದ್ಯರು ಹೇಳದೇ ಇರುವ ವಿಷಯ ಯಾವುದಾದರೂ ನುಸುಳಿದ್ದರೆ, ಅಪ್ಪನಿಗೆ ಇನ್ನೂ ತಿಳಿಸಿರದ ಸಂಗತಿ ಬಂದಿದ್ದರೆ, ಅವರೇ ಹಿಡಿಯುತ್ತಾರೆ.

ವಾಟ್ಸಾಪಿನಲ್ಲಿ ಕಳಿಸಿ ಬಿಟ್ಟರೆ ಅದು ಶುಭೋದಯದ ಹೂವುಗಳ ನಡುವೆ ಕಳೆದುಹೋಗುತ್ತೆ. ದೊಡ್ಡ ಅಕ್ಷರದಲ್ಲಿ, 20 ಪಾಯಿಂಟಿನಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಪಿಡಿಎಫ್ ಮಾಡಿ, ಆಸ್ಪತ್ರೆ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ. ಪಿಡಿಎಫ್ ಯಾಕೆಂದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಚೌಕ ಚೌಕವಾಗಿಬಿಡುತ್ತೆ. ಎರಡು ಪ್ರತಿ ಇರಲಿ, ಒಂದು ಅಮ್ಮನಿಗೆ.

ಹೊತ್ತು ಅಂದರೆ ಹಿಂದಿನ ಸಂಜೆ, ಡಾಕ್ಟರುಗಳೆಲ್ಲ ಬಂದು ನೋಡಿ ಹೋಗಿ, ಊಟವಾದ ಮೇಲೆ. ಬೆಳಿಗ್ಗೆ ಬೇಡ, ಸ್ಟ್ರೆಚರ್ ಬಾಗಿಲಲ್ಲಿರುವಾಗ ಯಾರ ಕಿವಿಗೂ ಏನೂ ಬೀಳಲ್ಲ. ಪಕ್ಕದಲ್ಲಿರುವವರೇ ಓದಲಿ. ನಿಮ್ಮ ಧ್ವನಿಯೇ ಬೇಕು ಅಂದರೆ ರೆಕಾರ್ಡ್ ಮಾಡಿ ಕಳಿಸಿ, ಆದರೆ ಅಳು ಬಂದ ರೆಕಾರ್ಡಿಂಗ್ ಅಳಿಸಿ ಇನ್ನೊಂದು ಮಾಡಿ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ಕೊನೆಯ ಸಾಲು ಕಲಿಸಿ ಹೇಳಿಸಬಹುದು. ನಮ್ಮ ಮಗಳು 'ನಂಜುಂದಾ' ಅಂದಳು, ಹಾಗೇ ಕಳಿಸಿದೆವು.

ಸಮಯದ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅಕ್ಟೋಬರ್ ಕೊನೆಯಲ್ಲಿ ಜರ್ಮನಿಯ ಗಡಿಯಾರ ಹಿಂದೆ ಹೋದ ಮೇಲೆ ನಾವು ಭಾರತಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ ಎಂಟು ಅಂದರೆ ಇಲ್ಲಿ ಮೂರೂವರೆ. ನ್ಯೂಜೆರ್ಸಿಯವರಿಗಾದರೆ ನವೆಂಬರ್ ನಡುವಿನಲ್ಲಿ ಅದು ಹಿಂದಿನ ರಾತ್ರಿ ಒಂಬತ್ತೂವರೆ. ಎಲ್ಲರೂ ಒಂದೇ ಹೊತ್ತಲ್ಲಿ ಓದೋಣ ಅಂತ ಗೊತ್ತುಮಾಡಿದ್ದರೆ ಭಾರತದ ಗಂಟೆಯನ್ನೇ ಹೇಳಿ, ಉಳಿದವರು ತಮ್ಮ ತಮ್ಮ ಲೆಕ್ಕ ಹಾಕಿಕೊಳ್ಳಲಿ.

ಹಾಳೆಯಲ್ಲಿ ತಾರೀಖು ಹಾಕಲೇಬೇಡಿ. ಜ್ವರ ಬಂತು, ಕೆಮ್ಮು ಹಿಡಿಯಿತು, ಸಕ್ಕರೆ ಏರಿತು, ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಿ ಸಾಕಷ್ಟು ದಿನ ಆಗಿಲ್ಲ, ಇಲ್ಲ ಯಾರದೋ ತುರ್ತು ಆಪರೇಷನ್ ನಡುವೆ ಬಂತು ಅಂತ ದಿನ ಮುಂದೆ ಹೋಗುವುದು ಮಾಮೂಲಿ. ಆಗ ತಾರೀಖು ಇರುವ ಹಾಳೆ ಕೈಯಲ್ಲಿ ಹಿಡಿದು ಕೂರುವುದು ಚೆನ್ನಾಗಿರಲ್ಲ. ವಾರದ ಸಾಲು ಹಾಕಿದ್ದರೆ ಅದೊಂದನ್ನು ಬದಲಾಯಿಸಿ, ಇನ್ನೊಂದು ಪ್ರಿಂಟ್ ತೆಗೆಸಿ.